ಅಕ್ಕನ ಮನೆಯ ಮುರಿದ ಹಿಂಜ್: ಫೋಟೊ ನೋಡಿ ಸರಿಜೋಡಿ ಹುಡುಕಿದ ನನ್ನ ಅನುಭವ

ಸಾಗರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಸಿಂಕಿನ ಪಕ್ಕದ ಕಪಾಟಿನ ಒಂದು ಬಾಗಿಲು ಕಳೆದ ಮಳೆಗಾಲದಲ್ಲಿ ಜೋತುಬಿದ್ದಿತು. ಮೇಲಿನ ಹಿಂಜ್ ತುಕ್ಕು ಹಿಡಿದು ತುಂಡಾಗಿತ್ತು. ಬಾಗಿಲು ಕೆಳಗಿನ ಒಂದೇ ಹಿಂಜಿನ ಮೇಲೆ ನಿಂತಿತ್ತು. ಅಂಗಡಿಗೆ ಹೋದ ಭಾವನಿಗೆ ಅಲ್ಲಿಯವರು ಕೇಳಿದ ಪ್ರಶ್ನೆಗಳಿಗೆ ಉತ್ತರ ತಿಳಿಯಲಿಲ್ಲ. ಅಕ್ಕ ಫೋಟೊ ತೆಗೆದು ಬೆಂಗಳೂರಿನಲ್ಲಿದ್ದ ನನಗೆ ಕಳುಹಿಸಿ, "ಇಂಥದ್ದೇ ಎರಡು ತಂದುಬಿಡು, ಮುಂದಿನ ವಾರ ಹೇಗೂ ಬರುತ್ತೀಯಲ್ಲ" ಎಂದಳು. ನಾನು ತಂದೆ, ಆದರೆ ತಂದದ್ದು ಎರಡು ಕಾರಣಗಳಿಂದ ತಪ್ಪಾಗಿತ್ತು. ಆ ಎರಡೂ ತಪ್ಪುಗಳು ಫೋಟೊದಲ್ಲೇ ಅಡಗಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು. ಅದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಬಾಗಿಲು ಮುಚ್ಚಿದಾಗ ಹೊರಗೆ ಕಾಣದ ಹಿಂಜಿನ ಬಗ್ಗೆ. ನಮ್ಮ ಕಡೆಯ ಕಾರ್ಪೆಂಟರುಗಳು ಅದನ್ನು ಆಟೋ ಹಿಂಜ್ ಎನ್ನುತ್ತಾರೆ. ಅದರಲ್ಲಿ ಮೂರು ಭಾಗಗಳಿವೆ. ಬಾಗಿಲಿನ ಒಳಮೈಯಲ್ಲಿ ಕೊರೆದ ದುಂಡನೆಯ ಗುಳಿಯಲ್ಲಿ ಕೂರುವುದು ಬಟ್ಟಲು. ಅದರ ಎರಡು ಪಕ್ಕಗಳಲ್ಲಿ ಒಂದೊಂದು ಸ್ಕ್ರೂ ಇರುತ್ತದೆ. ಬಟ್ಟಲಿನಿಂದ ಹೊರಟು ಕಪಾಟಿನ ಒಳಕ್ಕೆ ಚಾಚುವುದು ತೋಳು. ಕಪಾಟಿನ ಬದಿಹಲಗೆಗೆ ಬಡಿದಿರುವುದು ಪ್ಲೇಟ್. ತೋಳು ಅದರ ಮೇಲೆ ಕೂತು ಬಿಗಿಯಾಗುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಈ ಜಾತಿಯ ಹಿಂಜುಗಳೆಲ್ಲ ಅವಳಿಜವಳಿಗಳಂತೆ ಕಾಣುತ್ತವೆ. ಆನ್‌ಲೈನ್ ಅಂಗಡಿಗಳ ಚಿತ್ರಗಳೊಡನೆ ಅಕ್ಕನ ಫೋಟೊವನ್ನು ಹೋಲಿಸಿದಾಗ ನನಗೆ ಹತ್ತಾರು "ಅದೇ" ಹಿಂಜುಗಳು ಸಿಕ್ಕವು. ಅವುಗಳಲ್ಲಿ ಯಾವುದು ಬೇಕೆಂದು ತೀರ್ಮಾನಿಸಲು ಆಕಾರ ಏನೂ ನೆರವಾಗಲಿಲ್ಲ.

ತೀರ್ಮಾನ ನಿಲ್ಲುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ. ಮೊದಲನೆಯದು ಬಟ್ಟಲಿನ ಎರಡು ಸ್ಕ್ರೂಗಳ ನಡುವಿನ ಅಂತರ. ಅಡುಗೆಮನೆಯ ಬಾಗಿಲುಗಳಲ್ಲಿ ಬಟ್ಟಲಿನ ಗುಳಿ ಬಹುಪಾಲು 35 ಮಿ.ಮೀ. ಅಗಲದ್ದೇ ಆಗಿರುತ್ತದೆ, ಆದರೆ ಸ್ಕ್ರೂಗಳ ಅಂತರ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಹೆಚ್ಚಾಗಿ ಕಾಣುವ ಅಳತೆಗಳು 45, 48 ಮತ್ತು 52 ಮಿ.ಮೀ. ಎರಡನೆಯದು ತೋಳಿನ ಬಾಗು. ಅಂಗಡಿಯಲ್ಲಿ ಇದನ್ನು ಕ್ರ್ಯಾಂಕ್ ಎನ್ನುತ್ತಾರೆ. ನೇರವಾದ ತೋಳು ಝೀರೋ ಕ್ರ್ಯಾಂಕ್, ಸ್ವಲ್ಪ ಬಾಗಿದ್ದು ಎಂಟು, ಚೆನ್ನಾಗಿ ಬಾಗಿದ್ದು ಹದಿನೈದು ಅಥವಾ ಹದಿನಾರು. ಮುಚ್ಚಿದ ಬಾಗಿಲು ಬದಿಹಲಗೆಯ ಅಂಚನ್ನು ಎಷ್ಟು ಮುಚ್ಚಬೇಕು ಎಂಬುದನ್ನು ಈ ಬಾಗು ನಿರ್ಧರಿಸುತ್ತದೆ. ಝೀರೋ ಹಾಕಿದರೆ ಬಾಗಿಲು ಹಲಗೆಯ ಅಂಚನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ, ಎಂಟು ಹಾಕಿದರೆ ಅರ್ಧ ಮುಚ್ಚುತ್ತದೆ, ಹದಿನಾರು ಹಾಕಿದರೆ ಬಾಗಿಲು ಹಲಗೆಗಳ ನಡುವೆ ಒಳಗೇ ಕೂರುತ್ತದೆ.

ಅಕ್ಕ ಕಳುಹಿಸಿದ ಮೊದಲ ಫೋಟೊದಲ್ಲಿ ಅಳತೆಗೆ ಏನೂ ಇರಲಿಲ್ಲ. ಹಿಂಜಿನ ಪಕ್ಕದಲ್ಲಿ ಎಟಿಎಂ ಕಾರ್ಡ್ ಹಿಡಿದು ಇನ್ನೊಂದು ಫೋಟೊ ತೆಗೆಯಲು ಹೇಳಿದೆ. ಬ್ಯಾಂಕ್ ಕಾರ್ಡುಗಳೆಲ್ಲ ಒಂದೇ ಅಳತೆಯವು, ಉದ್ದ 85.6 ಮಿ.ಮೀ., ಅಗಲ ಸುಮಾರು 54 ಮಿ.ಮೀ. ಮನೆಯಲ್ಲಿ ಖಚಿತ ಅಳತೆಯ ವಸ್ತು ಬೇಕಾದಾಗ ಇದಕ್ಕಿಂತ ಸುಲಭವಾದದ್ದು ಸಿಗುವುದಿಲ್ಲ. ಅವಳು ಕಾರ್ಡನ್ನು ಹಿಂಜಿನ ತೋಳಿಗೆ ಆನಿಸಿ ಹಿಡಿದು ಫೋಟೊ ಕಳುಹಿಸಿದಳು. ನಾನು ಅದನ್ನು ಲ್ಯಾಪ್‌ಟಾಪಿನ ಪರದೆಯಲ್ಲಿ ದೊಡ್ಡದು ಮಾಡಿ, ಮಗಳ ಶಾಲೆಯ ಸ್ಕೇಲನ್ನು ಪರದೆಯ ಮೇಲಿಟ್ಟು ಅಳೆದೆ. ಕಾರ್ಡಿನ ಉದ್ದ ಪರದೆಯಲ್ಲಿ 171 ಮಿ.ಮೀ. ಬಂದಿತು, ಅಂದರೆ ನಿಜದ ಎರಡರಷ್ಟು. ಸ್ಕ್ರೂಗಳ ಅಂತರ 94 ಬಂದಿತು. ಹಾಗಾದರೆ ನಿಜವಾದ ಅಂತರ 47. ಅದು 45ಕ್ಕಿಂತ 48ಕ್ಕೆ ಹತ್ತಿರವಾಗಿದ್ದುದರಿಂದ 48 ಎಂದು ನಿರ್ಧರಿಸಿದೆ. ಫೋಟೊದಲ್ಲಿ ತೋಳು ನೇರವಾಗಿ ಕಾಣುತ್ತಿದ್ದುದರಿಂದ ಝೀರೋ ಕ್ರ್ಯಾಂಕ್ ಎಂದುಕೊಂಡೆ. ಎಸ್.ಜೆ.ಪಿ. ರಸ್ತೆಯ ಒಂದು ಅಂಗಡಿಯಲ್ಲಿ "ಝೀರೋ ಬೇಕಾ, ಎಂಟು ಬೇಕಾ, ಹದಿನಾರು ಬೇಕಾ ಸರ್?" ಎಂದು ಕೇಳಿದಾಗ ಯಾವ ಅನುಮಾನವೂ ಇಲ್ಲದೆ ಝೀರೋ ಎಂದೆ.

ಸಾಗರಕ್ಕೆ ಹೋದ ಮೇಲೆ ಮುರಿದ ಹಿಂಜನ್ನು ಬಾಗಿಲಿನಿಂದ ಬಿಚ್ಚಿ ಹೊಸದನ್ನು ಗುಳಿಯಲ್ಲಿ ಇಟ್ಟೆ. ಬಟ್ಟಲು ಸರಿಯಾಗಿ ಕೂತಿತು, ಆದರೆ ಸ್ಕ್ರೂ ಹಾಕಬೇಕಾದ ಜಾಗಗಳು ಹಳೆಯ ತೂತುಗಳಿಗಿಂತ ಎರಡೂ ಕಡೆ ತಲಾ 2 ಮಿ.ಮೀ. ಒಳಗೆ ಬಂದವು. ಎರಡು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಹೊಸ ತೂತು ಕೊರೆಯುವವರಿಗೆ ಇದಕ್ಕಿಂತ ಕೆಟ್ಟ ಅಂತರ ಇನ್ನೊಂದಿಲ್ಲ. ಅಂತರ ಒಂದು ಸೆಂಟಿಮೀಟರ್ ಇದ್ದಿದ್ದರೆ ಗಟ್ಟಿಯಾದ ಜಾಗದಲ್ಲಿ ಹೊಸ ತೂತು ಮಾಡಬಹುದಿತ್ತು. 2 ಮಿ.ಮೀ. ದೂರದಲ್ಲಿ ಸ್ಕ್ರೂ ಹಾಕಲು ಹೋದರೆ ಅದರ ಮೊನೆ ಜಾರಿ ಹಳೆಯ ತೂತಿಗೇ ಹೋಗುತ್ತದೆ, ಇಲ್ಲವೇ ನಡುವಿನ ತೆಳು ಗೋಡೆ ಒಡೆದು ಎರಡೂ ತೂತುಗಳು ಒಂದಾಗುತ್ತವೆ. ಅಕ್ಕನ ಮನೆಯ ಬಾಗಿಲುಗಳು ಪಾರ್ಟಿಕಲ್ ಬೋರ್ಡಿನವು. ಒಮ್ಮೆ ಪುಡಿಯಾದ ಜಾಗದಲ್ಲಿ ಸ್ಕ್ರೂ ಹಿಡಿಯುವುದೇ ಇಲ್ಲ. ಕಟ್ಟಿಗೆಯ ಸಣ್ಣ ಗೂಟಗಳನ್ನು ಗೋಂದಿನಲ್ಲಿ ಅದ್ದಿ ಹಳೆಯ ತೂತು ಮುಚ್ಚಿ, ಒಂದು ದಿನ ಒಣಗಿಸಿ, ಮತ್ತೆ ಕೊರೆಯುವ ದಾರಿ ಇದೆ. ಸರಿಯಾದ ಹಿಂಜ್ ಸಿಗುವಂತಿದ್ದರೆ ಆ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆ ಬಾಗಿಲು ಗಟ್ಟಿಯಾಗಿ ನಿಲ್ಲುವುದು ಈ ಸ್ಕ್ರೂಗಳ ಹಿಡಿತದ ಮೇಲೆ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದಾಗಿತ್ತು. ಮುರಿದ ಹಿಂಜನ್ನೂ ಹೊಸದನ್ನೂ ಅಂಗೈಯಲ್ಲಿ ಅಕ್ಕಪಕ್ಕ ಹಿಡಿದಾಗ ಮುರಿದದ್ದರ ತೋಳು ಬಾಗಿತ್ತು, ನಾನು ತಂದದ್ದರ ತೋಳು ನೇರವಾಗಿತ್ತು. ಫೋಟೊದಲ್ಲಿ ನೇರವಾಗಿಯೇ ಇತ್ತಲ್ಲ ಎಂದು ಅಕ್ಕನನ್ನು ಕೇಳಿದೆ. "ಮುರಿದದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೆ ಪಕ್ಕದ ಬಾಗಿಲಿನದ್ದು ತೆಗೆದೆ. ಒಂದೇ ಕಪಾಟು ತಾನೆ?" ಎಂದಳು. ಅವಳ ಮಾತು ಸಹಜವಾದದ್ದೇ. ಆದರೆ ಒಂದೇ ಕಪಾಟಿನಲ್ಲಿ ಒಂದೇ ಬಗೆಯ ಹಿಂಜ್ ಇರಬೇಕೆಂದಿಲ್ಲ. ಆ ಕಪಾಟಿನಲ್ಲಿ ಮೂರು ಬಾಗಿಲುಗಳಿವೆ. ಎಡ ಭಾಗಕ್ಕೆ ಎರಡು ಬಾಗಿಲು, ಬಲ ಭಾಗಕ್ಕೆ ಒಂದು, ಎರಡು ಭಾಗಗಳ ನಡುವೆ 18 ಮಿ.ಮೀ. ದಪ್ಪದ ಒಂದು ನಡುಹಲಗೆ. ಮೊದಲ ಬಾಗಿಲಿನ ಹಿಂಜುಗಳು ಎಡ ಕೊನೆಯ ಬದಿಹಲಗೆಯ ಮೇಲಿವೆ. ಆ ಹಲಗೆಯ ಅಂಚನ್ನು ಹಂಚಿಕೊಳ್ಳಲು ಬೇರೆ ಬಾಗಿಲಿಲ್ಲ, ಆದ್ದರಿಂದ ಅಲ್ಲಿ ಝೀರೋ ಕ್ರ್ಯಾಂಕ್. ಮುರಿದದ್ದು ಎರಡನೆಯ ಬಾಗಿಲಿನದ್ದು, ಅದರ ಹಿಂಜುಗಳು ನಡುಹಲಗೆಯ ಮೇಲಿವೆ. ಮೂರನೆಯ ಬಾಗಿಲು ಮುಚ್ಚಿದಾಗ ಅದರ ತುದಿಯೂ ಅದೇ ನಡುಹಲಗೆಯ ಮುಂದೆ ಬಂದು ನಿಲ್ಲುತ್ತದೆ. ಹಲಗೆಯ 18 ಮಿ.ಮೀ.ನಲ್ಲಿ ಎರಡು ಬಾಗಿಲುಗಳ ನಡುವಿನ ಸಂದಿಗೆ 2 ಕಳೆದರೆ ಉಳಿಯುವುದು 16, ಒಂದೊಂದರ ಪಾಲಿಗೆ 8. ಅಲ್ಲಿ ಎಂಟರ ಬಾಗು ಇರುವುದು ಅದಕ್ಕಾಗಿಯೇ.

ನಾನು ತಂದ ನೇರ ತೋಳಿನ ಹಿಂಜನ್ನು ಒಂದೇ ಸ್ಕ್ರೂ ಹಾಕಿ ಪರೀಕ್ಷೆಗೆಂದು ಜೋಡಿಸಿದಾಗ ಬಾಗಿಲು ನಡುಹಲಗೆಯ ಅಂಚನ್ನು ಹತ್ತಿರ ಹತ್ತಿರ 17 ಮಿ.ಮೀ. ಮುಚ್ಚಿ, ಮೂರನೆಯ ಬಾಗಿಲಿನ ಜಾಗದೊಳಕ್ಕೆ 7 ಮಿ.ಮೀ.ನಷ್ಟು ನುಗ್ಗಿತು. ಎರಡು ಬಾಗಿಲುಗಳನ್ನು ಒಟ್ಟಿಗೆ ಮುಚ್ಚಲು ಸಾಧ್ಯವೇ ಆಗಲಿಲ್ಲ. ತೋಳಿನ ಮೇಲೆ ಬಾಗಿಲನ್ನು ಅತ್ತಿತ್ತ ಸರಿಸುವ ಸ್ಕ್ರೂ ಒಂದಿದೆ ನಿಜ, ಆದರೆ ಅದು ಎರಡು ಮಿಲಿಮೀಟರಿನ ಆಸುಪಾಸಿನ ವ್ಯತ್ಯಾಸವನ್ನು ಸರಿಪಡಿಸಲು ಇರುವಂಥದ್ದು. ಒಂದು ಕ್ರ್ಯಾಂಕಿನ ಬದಲು ಇನ್ನೊಂದನ್ನು ತಂದ ತಪ್ಪನ್ನು ಅದರಿಂದ ತಿದ್ದಲಾಗುವುದಿಲ್ಲ.

ಅಂದು ಸಂಜೆ ಕೂತು 47 ಹೇಗೆ ಬಂದಿತು ಎಂದು ಯೋಚಿಸಿದೆ. ಮುರಿದ ಹಿಂಜನ್ನು ನೇರವಾಗಿ ಸ್ಕೇಲಿನ ಮೇಲಿಟ್ಟಾಗ ಸ್ಕ್ರೂಗಳ ಅಂತರ 52 ಎಂಬುದು ಸ್ಪಷ್ಟವಾಗಿತ್ತು. ಪಕ್ಕದ ಬಾಗಿಲಿನದ್ದೂ 52 ಆಗಿತ್ತು. ಕ್ಯಾಮೆರಾಗೆ ಹತ್ತಿರವಿರುವುದು ದೊಡ್ಡದಾಗಿಯೂ ದೂರವಿರುವುದು ಚಿಕ್ಕದಾಗಿಯೂ ಕಾಣುತ್ತದೆ. ಅಕ್ಕ ಮೊಬೈಲನ್ನು ಹಿಂಜಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿದಿದ್ದಳು. ಕಾರ್ಡನ್ನು ತೋಳಿನ ಮೇಲೆ ಆನಿಸಿದ್ದರಿಂದ ಅದು ಬಾಗಿಲಿನ ಮೈಗಿಂತ ಸುಮಾರು 3 ಸೆಂ.ಮೀ. ಮುಂದೆ, ಅಂದರೆ ಕ್ಯಾಮೆರಾದಿಂದ 27 ಸೆಂ.ಮೀ. ದೂರದಲ್ಲಿತ್ತು. ಹಾಗಾಗಿ ಕಾರ್ಡಿನ ಲೆಕ್ಕದಲ್ಲಿ ಅಳೆದಾಗ ಬಾಗಿಲಿನ ಮೈಮೇಲಿದ್ದುದೆಲ್ಲ ಹತ್ತರಲ್ಲಿ ಒಂದು ಪಾಲು ಕಡಿಮೆ ಬಂದಿತು. 52 ಇದ್ದದ್ದು 46.8 ಆಯಿತು. ನಾವು ಗುರುತಿಸಬೇಕಾದ ಮೂರು ಅಳತೆಗಳ ನಡುವಿನ ವ್ಯತ್ಯಾಸವೇ ಮೂರು ನಾಲ್ಕು ಮಿಲಿಮೀಟರ್. ಹತ್ತರಲ್ಲಿ ಒಂದರ ತಪ್ಪು ಅದನ್ನು ಪೂರ್ತಿ ನುಂಗಿಹಾಕುತ್ತದೆ. ಅಳತೆಯ ವಸ್ತುವನ್ನು ಪಕ್ಕದಲ್ಲಿ ಇಟ್ಟರೆ ಸಾಲದು, ಅಳೆಯಬೇಕಾದದ್ದು ಯಾವ ಮೈಮೇಲಿದೆಯೋ ಅದೇ ಮೈಮೇಲೆ ಅದನ್ನೂ ಚಪ್ಪಟೆಯಾಗಿ ಇಡಬೇಕು.

ಆ ಯೋಚನೆಯಲ್ಲಿರುವಾಗಲೇ ಇನ್ನೊಂದು ಉಪಾಯ ಹೊಳೆಯಿತು. ಈಗ ನಾನು ನೆಚ್ಚಿಕೊಂಡಿರುವುದು ಅದನ್ನೇ. ಹಿಂಜನ್ನು ಬಿಚ್ಚಿದ ಮೇಲೆ ಬಾಗಿಲಿನಲ್ಲಿ ಉಳಿಯುವುದು ಒಂದು ದೊಡ್ಡ ಗುಳಿ ಮತ್ತು ಅದರ ಪಕ್ಕದ ಎರಡು ಸಣ್ಣ ತೂತುಗಳು. ಗುಳಿಯ ಬಾಯಿ ಮತ್ತು ತೂತುಗಳ ಬಾಯಿ ಒಂದೇ ಮೈಮೇಲೆ, ಒಂದೇ ದೂರದಲ್ಲಿವೆ. ಗುಳಿಯನ್ನು ಕೊರೆದದ್ದು 35 ಮಿ.ಮೀ.ನ ಡ್ರಿಲ್ ಬಿಟ್ಟಿನಿಂದ. ಹಾಗಾದರೆ ಗುಳಿಯೇ ಅಳತೆಗೋಲು. ತೂತುಗಳ ಅಂತರವನ್ನು ಗುಳಿಯ ಅಗಲದಿಂದ ಭಾಗಿಸಿ ಬಂದದ್ದನ್ನು 35ರಿಂದ ಗುಣಿಸಿದರೆ ಸಾಕು. ಪರದೆಯಲ್ಲಿ ಚಿತ್ರ ಎಷ್ಟೇ ದೊಡ್ಡದಿರಲಿ, ಈ ಅನುಪಾತ ಬದಲಾಗುವುದಿಲ್ಲ. 45ರ ಹಿಂಜಿಗೆ ಅನುಪಾತ 1.29, 48ಕ್ಕೆ 1.37, 52ಕ್ಕೆ 1.49. ಆದರೆ ಹಿಂಜ್ ಬಾಗಿಲಿನಲ್ಲಿ ಇರುವಾಗಲೇ ಬಟ್ಟಲನ್ನು ಅಳೆದು ಈ ಲೆಕ್ಕ ಹಾಕಬಾರದು. ಬಟ್ಟಲಿನ ಮೇಲಂಚಿನಲ್ಲಿ ಗುಳಿಯನ್ನು ಮುಚ್ಚುವ ಒಂದು ತೆಳು ರೆಕ್ಕೆ ಇರುತ್ತದೆ; ನಮಗೆ ಕಾಣುವುದು ಆ ರೆಕ್ಕೆಯ ಹೊರ ಅಂಚು ಅಥವಾ ಬಟ್ಟಲಿನ ಒಳಬಾಯಿ. ಅವೆರಡೂ 35 ಅಲ್ಲ.

ಮರುದಿನ ಬೆಳಿಗ್ಗೆ ಬಾಗಿಲನ್ನು ಪೂರ್ತಿ ಕಳಚಿ, ಒಳಮೈ ಮೇಲಾಗುವಂತೆ ಊಟದ ಮೇಜಿನ ಮೇಲೆ ಮಲಗಿಸಿದೆ. ಗುಳಿಯ ಅಂಚಿನಲ್ಲಿ ಉಬ್ಬಿದ ಹುಡಿಯನ್ನು ಒರೆಸಿ, ಎಟಿಎಂ ಕಾರ್ಡನ್ನು ಗುಳಿಯ ಪಕ್ಕದಲ್ಲಿ ಬಾಗಿಲಿನ ಮೈಗೆ ಅಂಟಿದಂತೆ ಇಟ್ಟೆ. ಮೊಬೈಲನ್ನು ಸುಮಾರು 60 ಸೆಂ.ಮೀ. ಎತ್ತರದಲ್ಲಿ, ಮೇಜಿಗೆ ಸಮಾನಾಂತರವಾಗಿ ಹಿಡಿದು, ಎರಡು ಪಟ್ಟು ಝೂಮ್ ಮಾಡಿ ಫೋಟೊ ತೆಗೆದೆ. ಹತ್ತಿರದಿಂದ ತೆಗೆದರೆ ಚಿತ್ರದ ಅಂಚುಗಳು ಹಿಗ್ಗುತ್ತವೆ. ದೂರ ಸರಿದು ಝೂಮ್ ಮಾಡಿದರೆ ಆ ತೊಂದರೆ ಬಹಳ ಕಡಿಮೆಯಾಗುತ್ತದೆ. ಮೊಬೈಲ್ ವಾಲಿದೆಯೋ ಇಲ್ಲವೋ ಎಂಬುದನ್ನು ಗುಳಿಯೇ ಹೇಳುತ್ತದೆ. ಅದು ದುಂಡಗಿರಬೇಕು, ಅಂದರೆ ಅಡ್ಡ ಅಗಲ ಮತ್ತು ಉದ್ದ ಅಗಲ ಒಂದೇ ಬರಬೇಕು. ನನ್ನ ಮೊದಲ ಫೋಟೊದಲ್ಲಿ ಅದು ಮೊಟ್ಟೆಯಂತೆ ಕಾಣುತ್ತಿತ್ತು, ಆದ್ದರಿಂದ ಅದನ್ನು ಅಳಿಸಿ ಮತ್ತೊಂದು ತೆಗೆದೆ.

ಪರದೆಯಲ್ಲಿ ಅಳೆದಾಗ ಗುಳಿ ಎರಡೂ ದಿಕ್ಕಿನಲ್ಲಿ 105 ಮಿ.ಮೀ. ಬಂದಿತು. ಗುಳಿ 35ರದ್ದಾಗಿದ್ದರೆ ಚಿತ್ರ ನಿಜದ ಮೂರರಷ್ಟಿದೆ ಎಂದಾಯಿತು. ಇದು ಊಹೆಯಲ್ಲವೆಂದು ಖಚಿತಪಡಿಸಿಕೊಳ್ಳಲು ಕಾರ್ಡನ್ನು ಅಳೆದೆ. 257 ಬಂದಿತು, ಅದು 85.6ರ ಮೂರರಷ್ಟೇ. ಈ ಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ಸಣ್ಣ ಕಪಾಟುಗಳಿಗೆ 26 ಮಿ.ಮೀ. ಗುಳಿಯ ಪುಟ್ಟ ಹಿಂಜುಗಳೂ ದಪ್ಪ ಬಾಗಿಲುಗಳಿಗೆ 40ರವೂ ಇವೆ. ಸ್ಕ್ರೂ ತೂತುಗಳ ನಡುವಿನಿಂದ ನಡುವಿಗೆ 156 ಬಂದಿತು. 156ನ್ನು 105ರಿಂದ ಭಾಗಿಸಿದರೆ 1.486, ಅದನ್ನು 35ರಿಂದ ಗುಣಿಸಿದರೆ 52. ಅಂತರ 48 ಆಗಿದ್ದರೆ ಪರದೆಯಲ್ಲಿ 144 ಬರಬೇಕಿತ್ತು, 45 ಆಗಿದ್ದರೆ 135. ಇಷ್ಟು ದೊಡ್ಡ ವ್ಯತ್ಯಾಸದಲ್ಲಿ ಶಾಲೆಯ ಸ್ಕೇಲಿನಿಂದಲೂ ತಪ್ಪು ಮಾಡುವುದು ಕಷ್ಟ.

ಇದೇ ಚಿತ್ರದಿಂದ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ಎರಡು ಸ್ಕ್ರೂ ತೂತುಗಳನ್ನು ಸೇರಿಸುವ ಗೆರೆ ಗುಳಿಯ ಕೇಂದ್ರದ ಮೂಲಕ ಹಾದುಹೋಗುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. 45ರ ಮಾದರಿಯಲ್ಲಿ ಸಾಮಾನ್ಯವಾಗಿ ಈ ಸರಿತ 9.5 ಮಿ.ಮೀ., 48ರಲ್ಲಿ 6, 52ರಲ್ಲಿ 5.5. ಕೊನೆಯ ಎರಡನ್ನು ಫೋಟೊದಲ್ಲಿ ಬೇರ್ಪಡಿಸುವುದು ನನ್ನಿಂದ ಆಗದು, ಆದರೆ 9.5 ಎದ್ದು ಕಾಣುತ್ತದೆ. ಅಕ್ಕನ ಬಾಗಿಲಿನಲ್ಲಿ ಪರದೆಯ ಮೇಲೆ 16 ಬಂದಿತು, ಅಂದರೆ 5.3, ಅದು 52ರ ಜೊತೆ ಹೊಂದುತ್ತದೆ. ಗುಳಿಯ ಅಂಚಿನಿಂದ ಬಾಗಿಲಿನ ಅಂಚಿಗೆ 12, ಅಂದರೆ 4 ಮಿ.ಮೀ. ಈ ಅಳತೆ ಸಾಮಾನ್ಯವಾಗಿ 3ರಿಂದ 6ರೊಳಗೆ ಇರುತ್ತದೆ. ಇದನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಸ್ಕ್ರೂ ತೂತುಗಳ ಗಾತ್ರವನ್ನೂ ಒಮ್ಮೆ ನೋಡಿದೆ. ಅವು ಸಣ್ಣ ಸ್ಕ್ರೂವಿನ ತೂತುಗಳೇ ಆಗಿದ್ದವು. ಅಲ್ಲಿ 8 ಅಥವಾ 10 ಮಿ.ಮೀ.ನ ದೊಡ್ಡ ತೂತುಗಳು ಕಂಡರೆ ಹಳೆಯ ಹಿಂಜ್ ಪ್ಲಾಸ್ಟಿಕ್ ಗೂಟಗಳ ಮೇಲೆ ಒತ್ತಿ ಕೂರಿಸುವ ಬಗೆಯದ್ದು ಎಂದರ್ಥ. ಅಲ್ಲಿಗೆ ಬರಿಯ ಸ್ಕ್ರೂ ಹಾಕುವ ಹಿಂಜ್ ತಂದರೆ ಅಂತರ ಸರಿಯಿದ್ದರೂ ಹಿಡಿತ ಸಿಗುವುದಿಲ್ಲ.

ಕ್ರ್ಯಾಂಕ್ ಗುರುತಿಸಲು ಎರಡು ಫೋಟೊ ತೆಗೆದೆ. ಒಂದರಲ್ಲಿ ಮುರಿದ ಹಿಂಜನ್ನು ವೃತ್ತಪತ್ರಿಕೆಯ ಮೇಲೆ ಪಕ್ಕಕ್ಕೆ ಮಲಗಿಸಿ, ತೋಳಿನ ಪಾರ್ಶ್ವ ಕಾಣುವಂತೆ ತೆಗೆದೆ. ಮೇಲಿನಿಂದ ನೋಡಿದಾಗ ಒಂದಿಷ್ಟೂ ಕಾಣದ ಬಾಗು ಪಕ್ಕದಿಂದ ನೋಡಿದಾಗ ಹಂಸದ ಕುತ್ತಿಗೆಯಂತೆ ಸ್ಪಷ್ಟವಾಗುತ್ತದೆ. ಇನ್ನೊಂದು ಫೋಟೊ ಹಿಂಜಿನದ್ದಲ್ಲ, ಮುಚ್ಚಿದ ಬಾಗಿಲುಗಳನ್ನು ಎದುರಿನಿಂದ ತೆಗೆದದ್ದು. ಬಾಗಿಲು ಕಳಚುವ ಮೊದಲು ಭಾವ ಅದನ್ನು ಕೈಯಿಂದ ಎತ್ತಿ ಹಿಡಿದಿದ್ದರು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಈ ಎದುರಿನ ಫೋಟೊವನ್ನೇ ಕೇಳುತ್ತೇನೆ, ಏಕೆಂದರೆ ಮುರಿದ ಹಿಂಜಿನ ತೋಳು ಭಾರಕ್ಕೆ ಮಣಿದು ತನ್ನ ಮೂಲ ಆಕಾರ ಕಳೆದುಕೊಂಡಿರಬಹುದು, ಆದರೆ ಬಾಗಿಲು ಎಲ್ಲಿ ನಿಲ್ಲಬೇಕು ಎಂಬುದು ಬದಲಾಗುವುದಿಲ್ಲ. ಎರಡು ಬಾಗಿಲುಗಳ ನಡುವಿನ ಸಂದಿ ನಡುಹಲಗೆಯ ಮಧ್ಯದಲ್ಲಿ ಬಂದರೆ ಎಂಟು. ಬಾಗಿಲಿನ ಅಂಚು ಕಪಾಟಿನ ಹೊರ ಅಂಚಿಗೆ ಹತ್ತಿರ ಬಂದರೆ ಝೀರೋ. ಬಾಗಿಲು ಮುಚ್ಚಿದಾಗಲೂ ಬದಿಹಲಗೆಯ ದಪ್ಪ ಪೂರ್ತಿ ಕಣ್ಣಿಗೆ ಬಿದ್ದರೆ ಹದಿನಾರು. ಈ ಸಂಖ್ಯೆಗಳನ್ನು ಅಕ್ಷರಶಃ ಹಿಡಿದುಕೊಳ್ಳಬೇಕಾಗಿಲ್ಲ. ಒಬ್ಬ ತಯಾರಕನ ಎಂಟು ಇನ್ನೊಬ್ಬನಲ್ಲಿ ಒಂಬತ್ತು ಅಥವಾ ಒಂಬತ್ತೂವರೆ ಆಗಿರುತ್ತದೆ. ಆ ಒಂದೂವರೆ ಮಿಲಿಮೀಟರನ್ನು ತೋಳಿನ ಸ್ಕ್ರೂ ನುಂಗಿಕೊಳ್ಳುತ್ತದೆ.

ಪ್ಲೇಟಿನ ವಿಷಯದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬರ ತೋಳು ಇನ್ನೊಬ್ಬರ ಪ್ಲೇಟಿನ ಮೇಲೆ ಸಾಮಾನ್ಯವಾಗಿ ಕೂರುವುದಿಲ್ಲವಾದ್ದರಿಂದ ಹಿಂಜ್ ಮತ್ತು ಪ್ಲೇಟ್ ಎರಡನ್ನೂ ಒಟ್ಟಿಗೇ ಕೊಳ್ಳುವುದು ಲೇಸು. ನಡುಹಲಗೆಯಲ್ಲಿ ಹಳೆಯ ಪ್ಲೇಟಿನ ಎರಡು ತೂತುಗಳು ಒಂದರ ಕೆಳಗೆ ಒಂದರಂತೆ 32 ಮಿ.ಮೀ. ಅಂತರದಲ್ಲಿ, ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಇದ್ದವು. ಕಾರ್ಖಾನೆಯಲ್ಲಿ ತಯಾರಾದ ಕಪಾಟುಗಳಲ್ಲಿ ಈ ಎರಡು ಅಳತೆಗಳು ಬಹಳ ಸಾಮಾನ್ಯ. ಕಾರ್ಪೆಂಟರ್ ಮನೆಯಲ್ಲೇ ಕೂತು ಮಾಡಿದ ಕಪಾಟಾದರೆ ಪ್ಲೇಟು ಕಣ್ಣಂದಾಜಿನಲ್ಲಿ ಬಡಿದದ್ದಾಗಿರಬಹುದು, ಅಲ್ಲಿ ಅಳೆದೇ ನೋಡಬೇಕು. ಪ್ಲೇಟಿನ ದಪ್ಪವನ್ನು ಮಾತ್ರ ಮರೆಯಬಾರದು. ದಪ್ಪ ಎಷ್ಟು ಹೆಚ್ಚಾಗುತ್ತದೋ ಬಾಗಿಲು ಹಲಗೆಯನ್ನು ಮುಚ್ಚುವುದು ಅಷ್ಟೇ ಕಡಿಮೆಯಾಗುತ್ತದೆ. ಹಳೆಯ ಪ್ಲೇಟನ್ನು ಹಿಂಜಿನ ಪಕ್ಕದಲ್ಲಿಟ್ಟು, ಪಾರ್ಶ್ವದ ಫೋಟೊದಲ್ಲೇ ಅದೂ ಬರುವಂತೆ ನೋಡಿಕೊಂಡೆ.

ಬೆಂಗಳೂರಿಗೆ ಮರಳಿದ ಮೇಲೆ ಅಂಗಡಿಗೆ ಹೋಗುವ ಮೊದಲು ಒಂದು ರಟ್ಟಿನ ತುಂಡಿನ ಮೇಲೆ ಕೈವಾರದಿಂದ 35 ಮಿ.ಮೀ. ಅಗಲದ ವೃತ್ತ ಬರೆದು ಕತ್ತರಿಸಿ ತೆಗೆದೆ. ಅದರ ಕೇಂದ್ರದಿಂದ 5.5 ಮಿ.ಮೀ. ಪಕ್ಕಕ್ಕೆ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ 52 ಮಿ.ಮೀ. ಅಂತರದಲ್ಲಿ ದಪ್ಪ ಸೂಜಿಯಿಂದ ಎರಡು ತೂತು ಮಾಡಿದೆ. ಅಂಗಡಿಯಲ್ಲಿ ಹಿಂಜಿನ ಪೆಟ್ಟಿಗೆಯ ಮೇಲೆ ಕ್ರ್ಯಾಂಕ್ ಬರೆದಿರುತ್ತದೆ, ಆದರೆ ಸ್ಕ್ರೂ ಅಂತರ ಬರೆದಿರುವುದು ಅಪರೂಪ. ಕೌಂಟರಿನಲ್ಲಿ ನಿಂತವರಿಗೂ ಅದು ಬಾಯಿಪಾಠವಿರುವುದಿಲ್ಲ. ಹಿಂಜಿನ ಬಟ್ಟಲನ್ನು ರಟ್ಟಿನ ವೃತ್ತದೊಳಗೆ ಇಳಿಸಿ, ಅದರ ಸ್ಕ್ರೂ ಕಿಂಡಿಗಳ ಮೂಲಕ ರಟ್ಟಿನ ತೂತುಗಳು ಕಾಣುತ್ತವೆಯೇ ಎಂದು ನೋಡುವುದು ಒಂದು ಕ್ಷಣದ ಕೆಲಸ. ಮೊದಲ ಎರಡು ಅಂಗಡಿಗಳಲ್ಲಿದ್ದವೆಲ್ಲ 48ರವು. ಮೂರನೆಯದರಲ್ಲಿ ರಟ್ಟಿಗೆ ಸರಿಹೊಂದುವ ಎಂಟರ ಕ್ರ್ಯಾಂಕಿನ ಹಿಂಜ್ ಸಿಕ್ಕಿತು. ಸಿಂಕಿನ ಪಕ್ಕದ ಜಾಗವಾದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನದ್ದು ಬೇಕೆಂದು ನನಗೆ ಆಸೆಯಿತ್ತು, ಆದರೆ ಈ ಅಳತೆಯಲ್ಲಿ ಅವರಲ್ಲಿದ್ದುದು ನಿಕಲ್ ಲೇಪದ ಉಕ್ಕಿನದ್ದು ಮಾತ್ರ. ಲೋಹಕ್ಕಿಂತ ತೂತುಗಳು ಹೊಂದುವುದು ಮುಖ್ಯವೆಂದು ಅದನ್ನೇ ಕೊಂಡೆ. ಮೊದಲು ಕೊಂಡಿದ್ದವನ್ನು ಹಳೆಯ ಅಂಗಡಿಯವರು ಬಿಲ್ ನೋಡಿ ಹಿಂದಕ್ಕೆ ತೆಗೆದುಕೊಂಡರು.

ಅಂಗಡಿಯವರು ಕೊಟ್ಟದ್ದು ಬಾಗಿಲು ನಿಧಾನವಾಗಿ ಮುಚ್ಚುವ ಸಾಫ್ಟ್ ಕ್ಲೋಸ್ ಬಗೆಯದ್ದು. ಅಕ್ಕನ ಮನೆಯ ಹಳೆಯ ಹಿಂಜುಗಳು ಬರಿಯ ಸ್ಪ್ರಿಂಗಿನವು. ಒಂದೇ ಬಾಗಿಲಿಗೆ ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆ ಹಾಕುವುದು ನನಗೆ ಸರಿಯೆನಿಸಲಿಲ್ಲ. ಹಾಗಾಗಿ ಕೆಳಗಿನ ಹಿಂಜ್ ಇನ್ನೂ ಕೆಲಸ ಮಾಡುತ್ತಿದ್ದರೂ ಎರಡನ್ನೂ ಬದಲಿಸಲೆಂದು ಒಂದು ಜೋಡಿ ಕೊಂಡು ಕೊರಿಯರಿನಲ್ಲಿ ಕಳುಹಿಸಿದೆ.

ಭಾವ ಹಿಂಜುಗಳನ್ನು ಹಳೆಯ ತೂತುಗಳಲ್ಲೇ ಬಿಗಿದರು. ಒಂದೇ ಒಂದು ತೂತು ಸಡಿಲವಾಗಿತ್ತು. ಅದಕ್ಕೆ ಎರಡು ಬೆಂಕಿಕಡ್ಡಿಗಳನ್ನು ಗೋಂದಿನಲ್ಲಿ ಅದ್ದಿ ತುರುಕಿ ಸ್ಕ್ರೂ ಹಾಕಿದರು. ತೂತಿನ ಸ್ಥಾನ ಸರಿಯಿದ್ದು ಹಿಡಿತ ಮಾತ್ರ ಹೋಗಿದ್ದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ವಿಡಿಯೊ ಕರೆಯಲ್ಲಿ ನೋಡಿದಾಗ ಬಾಗಿಲು ಮೂರನೆಯ ಬಾಗಿಲಿಗೆ ಸ್ವಲ್ಪ ಹೆಚ್ಚೇ ಹತ್ತಿರವಿತ್ತು. ತೋಳಿನ ಮುಂದಿನ ಸ್ಕ್ರೂವನ್ನು ಎರಡೂ ಹಿಂಜುಗಳಲ್ಲಿ ಸಮನಾಗಿ ಸ್ವಲ್ಪ ತಿರುಗಿಸಲು ಹೇಳಿದೆ. ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ಬಂದಿತು. ಆಮೇಲೆ ಅಕ್ಕ ಪೆನ್ಸಿಲಿನಿಂದ ಆ ಬಾಗಿಲಿನ ಒಳಮೈಯಲ್ಲಿ "35, 52, ಎಂಟು" ಎಂದೂ ಪಕ್ಕದ ಬಾಗಿಲಿನಲ್ಲಿ "35, 52, ಝೀರೋ" ಎಂದೂ ಬರೆದಿಟ್ಟಳು. ಮೂರನೆಯ ಬಾಗಿಲನ್ನೂ ತೆರೆದು ಫೋಟೊ ಕಳುಹಿಸಲು ಹೇಳಿದ್ದೇನೆ. ಅದರ ಕೆಳಗಿನ ಹಿಂಜಿನಲ್ಲೂ ತುಕ್ಕು ಆರಂಭವಾಗಿದೆಯಂತೆ.